ಐಸ್ ಅಗಿಯೋ ಆಸೆ, ಬಳಪ ತಿನ್ನೋ ಚಪಲ

ಫ್ರಿಡ್ಜ್ ತೆಗೆದಾಗಲೆಲ್ಲ ಎರಡು ಐಸ್ ತುಂಡು ಬಾಯಿಗೆ ಹಾಕ್ಕೊಂಡು ಕಟಕಟ ಅಗಿಯುತ್ತೀರಾ? ಮಗುವಿನ ಬಳಪ ಕಂಡರೆ ಕೈ ತಾನಾಗೇ ಅತ್ತ ಹೋಗುತ್ತದಾ? ಮಳೆಗೆ ಒದ್ದೆಯಾದ ಮಣ್ಣಿನ ವಾಸನೆಗೆ ಬಾಯಲ್ಲಿ ನೀರೂರುತ್ತದಾ? ನಾಚಿಕೆಯಿಂದ ಮುಚ್ಚಿಡಬೇಡಿ. ವೈದ್ಯರು ಇದನ್ನು 'ಪೈಕಾ' ಎನ್ನುತ್ತಾರೆ. ಬಸುರಿಗೆ ಬಂದರೆ ಬಯಕೆ ಅಂತ ನಗುತ್ತೇವೆ, ಬೇರೆಯವರಿಗೆ ಬಂದರೆ ಕೆಟ್ಟ ಚಟ ಅಂತ ಬೈಯುತ್ತೇವೆ. ಎರಡರ ಹಿಂದೆಯೂ ಕಬ್ಬಿಣಾಂಶದ ಕೊರತೆ ಇರಬಹುದು. (ನಮ್ಮ ಬಂಗಾರಪೇಟೆಯ ಪಾನಿಪುರಿ ಆಸೆ ಈ ಲೆಕ್ಕಕ್ಕೆ ಬರೋದಿಲ್ಲ ಬಿಡಿ, ಅದು ಬರೀ ನಾಲಿಗೆ ಚಪಲ!)

ಇಲ್ಲಿನ ಗೃಹಿಣಿಯೊಬ್ಬರ ವಿಷಯ ಕೇಳಿ. ವಯಸ್ಸು 34. ದಿನಕ್ಕೆ ಎರಡು ಟ್ರೇ ಐಸ್ ಖಾಲಿ ಮಾಡುತ್ತಿದ್ದರು, ಜತೆಗೆ ಬಳಪ. 'ಸುಣ್ಣದ ಅಂಶ ಕಮ್ಮಿ ಇರ್ಬೇಕು ಕಣೇ' ಅಂತ ಓರಗಿತ್ತಿ ಹೇಳಿದ್ದಕ್ಕೆ ಕ್ಯಾಲ್ಸಿಯಂ ಮಾತ್ರೆ ನುಂಗಿದರು. ಚಪಲ ಹೋಗಲಿಲ್ಲ. ಹಿಮೋಗ್ಲೋಬಿನ್ 11.6 ಬಂತು. 12 ಇರಬೇಕಾದಲ್ಲಿ ಇಷ್ಟೇ ಕಡಿಮೆ ಅಂತ ಮನೆಯವರು ಸುಮ್ಮನಾದರು. ವೈದ್ಯರು ಮಾತ್ರ ಫೆರಿಟಿನ್ ಪರೀಕ್ಷೆ ಮಾಡಿಸಿದರು. ಅದು 6 ಇತ್ತು! 15ಕ್ಕಿಂತ ಕೆಳಗಿದ್ದರೆ ಮೈಯಲ್ಲಿನ ಕಬ್ಬಿಣದ ದಾಸ್ತಾನು ಬರಿದಾಗಿದೆ ಎಂದರ್ಥ. ಡಬ್ಬದ ರಾಗಿ ಮುಗಿದಿದ್ದರೂ ಒಲೆ ಮೇಲಿನ ಮುದ್ದೆ ನೋಡಿ ಸಮಾಧಾನಪಟ್ಟ ಹಾಗೆ! ಮೊದಲು ಖಾಲಿಯಾಗೋದು ದಾಸ್ತಾನು, ಹಿಮೋಗ್ಲೋಬಿನ್ ಇಳಿಯೋದು ಆಮೇಲೆ.

ಕಬ್ಬಿಣದ ಮಾತ್ರೆ ಶುರುವಾಗಿ ಎರಡು ವಾರಕ್ಕೆ ಐಸ್ ಬೇಡವೆನಿಸಿತು, ಇನ್ನೂ ರಕ್ತ ಏರುವ ಮೊದಲೇ. ಹಲವರಲ್ಲಿ ಹೀಗೇ ಆಗುತ್ತದೆ. ಆದರೆ ಎಡವುವುದೂ ಇಲ್ಲೇ. ಆಸೆ ಹೋಯಿತು ಅಂತ ಮಾತ್ರೆ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಟ್ರೇ ಹುಡುಕುತ್ತೀರಿ. ಹಿಮೋಗ್ಲೋಬಿನ್ ಸರಿಹೋದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಿದರೇ ದಾಸ್ತಾನು ತುಂಬೋದು. ಮಲ ಕಪ್ಪಾದರೆ ಗಾಬರಿ ಬೇಡ. ಹೊಟ್ಟೆ ಕೆಡಿಸಿದರೆ ವೈದ್ಯರನ್ನು ಕೇಳಿ ದಿನ ಬಿಟ್ಟು ದಿನ ತಗೊಳ್ಳಬಹುದು. ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆ ಇವುಗಳ ಜತೆ ಮಾತ್ರ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ. ಒಂದೆರಡು ಗಂಟೆ ಅಂತರ ಇರಲಿ.

'ದಿನಾ ಮುದ್ದೆ, ಸೊಪ್ಪಿನ ಸಾರು ತಿನ್ನೋ ನಮಗೆ ಕೊರತೆಯಾ?' ಅನ್ನಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ರಾಗಿ, ಸೊಪ್ಪಿನ ಕಬ್ಬಿಣದಲ್ಲಿ ಸ್ವಲ್ಪವೇ ಮೈಗೆ ಸೇರೋದು. ಬಸ್ಸಾರಿಗೆ ನಿಂಬೆಹಣ್ಣು ಹಿಂಡಿಕೊಂಡರೆ ಇನ್ನಷ್ಟು ಸೇರುತ್ತದೆ.

ಮಣ್ಣು ತಿನ್ನುವವರ ಕಷ್ಟ ಇನ್ನೊಂದು. ಕೆಲವು ಬಗೆಯ ಜೇಡಿಮಣ್ಣು ಊಟದ ಕಬ್ಬಿಣವನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಮಣ್ಣಿನ ಜತೆ ಜಂತುಹುಳುವಿನ ಮೊಟ್ಟೆಗಳೂ ಹೊಟ್ಟೆ ಸೇರುತ್ತವೆ. ಅಂಥವರಿಗೆ ವೈದ್ಯರು ಹುಳುವಿನ ಮಾತ್ರೆಯನ್ನೂ ಕೊಡುತ್ತಾರೆ.

ಇಷ್ಟಾದರೂ ಕಬ್ಬಿಣ ಎಲ್ಲಿ ಸೋರಿತು ಅನ್ನೋದು ಉಳಿಯಿತು. ಆ ಗೃಹಿಣಿಗೆ ಮುಟ್ಟು ಎಂಟು ದಿನ, ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕು. 'ನಮ್ಮಮ್ಮನಿಗೂ ಹೀಗೇ ಇತ್ತು' ಅಂತ ಅವರು ಯಾರಿಗೂ ಹೇಳಿರಲಿಲ್ಲ. ನಿಮಗೂ ಹೀಗಿದ್ದರೆ ವೈದ್ಯರ ಹತ್ತಿರ ಐಸಿನ ಮಾತಿನ ಜತೆ ಇದನ್ನೂ ಹೇಳಿ. ಮೂಲವ್ಯಾಧಿಯ ರಕ್ತ ಹೋಗುತ್ತಿದ್ದರೆ ಅದನ್ನೂ.