ಥಂಬ್‌ನೇಲ್ ಒತ್ತಿದವರು ಎಲ್ಲಿ ಎದ್ದುಹೋದರು?

ಯೂಟ್ಯೂಬ್ ಸ್ಟುಡಿಯೋದ ಅನಾಲಿಟಿಕ್ಸ್ ಪುಟದಲ್ಲಿ ಹೊಸ ಚಾನೆಲ್‌ನವರು ಮೊದಲು ನೋಡಬೇಕಾದ ಸಂಗತಿಗಳು ಮೂರು. ಥಂಬ್‌ನೇಲ್ ಕಂಡವರಲ್ಲಿ ಎಷ್ಟು ಮಂದಿ ಅದನ್ನು ಒತ್ತಿದರು ಎಂಬುದನ್ನು ಕ್ಲಿಕ್ ಥ್ರೂ ರೇಟ್ ಹೇಳುತ್ತದೆ. ಒತ್ತಿದವರು ಎಲ್ಲಿಯವರೆಗೆ ಉಳಿದರು ಎಂಬುದು ರಿಟೆನ್ಷನ್ ಗ್ರಾಫ್‌ನಲ್ಲಿ ಕಾಣುತ್ತದೆ. ಎಲ್ಲರೂ ಸೇರಿ ಒಟ್ಟು ಎಷ್ಟು ಗಂಟೆ ನೋಡಿದರು ಎಂಬ ಲೆಕ್ಕವೇ ವಾಚ್ ಟೈಮ್. ಮೂರನ್ನೂ ಒಟ್ಟಿಗೆ ಇಟ್ಟು ಓದಿದಾಗಲೇ ವಿಡಿಯೋ ಎಲ್ಲಿ ಎಡವಿದೆ ಎಂಬುದು ಗೊತ್ತಾಗುವುದು.

ಉದಾಹರಣೆಗೆ, ಜೋಳದ ರೊಟ್ಟಿ ಬಡಿಯುವುದನ್ನು ತೋರಿಸುವ 8 ನಿಮಿಷದ ಒಂದು ವಿಡಿಯೋ ಇದೆ ಎಂದುಕೊಳ್ಳೋಣ. ಅದರ ಸ್ಕ್ರೀನ್‌ಶಾಟ್‌ನಲ್ಲಿ ಇಂಪ್ರೆಷನ್ಸ್ 12,000, ಕ್ಲಿಕ್ ಥ್ರೂ ರೇಟ್ ಶೇ. 4, ಒಟ್ಟು ವೀಕ್ಷಣೆ 620, ಸರಾಸರಿ ವೀಕ್ಷಣಾ ಅವಧಿ 2 ನಿಮಿಷ 24 ಸೆಕೆಂಡ್, ವಾಚ್ ಟೈಮ್ 24.8 ಗಂಟೆ ಎಂದಿದೆ.

12,000ದ ಶೇ. 4 ಎಂದರೆ 480. ಆದರೆ ವೀಕ್ಷಣೆ 620 ಆಗಿದೆಯಲ್ಲ, ಉಳಿದ 140 ಎಲ್ಲಿಂದ ಬಂತು? ಯೂಟ್ಯೂಬ್‌ನ ಒಳಗೆ ಥಂಬ್‌ನೇಲ್‌ನ ಅರ್ಧದಷ್ಟಾದರೂ ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಪರದೆಯ ಮೇಲೆ ಕಂಡರೆ ಮಾತ್ರ ಅದು ಇಂಪ್ರೆಷನ್. ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿದ ಲಿಂಕ್ ಒತ್ತಿ ಬಂದ ನೆಂಟರಿಷ್ಟರು ವೀಕ್ಷಣೆಯ ಲೆಕ್ಕಕ್ಕೆ ಸೇರುತ್ತಾರೆ, ಈ ಲೆಕ್ಕಕ್ಕೆ ಸೇರುವುದಿಲ್ಲ.

ಶೇ. 4 ಒಳ್ಳೆಯದೋ ಕೆಟ್ಟದ್ದೋ? ಯೂಟ್ಯೂಬ್‌ನ ಅರ್ಧದಷ್ಟು ಚಾನೆಲ್ ಮತ್ತು ವಿಡಿಯೋಗಳಲ್ಲಿ ಈ ದರ ಶೇ. 2ರಿಂದ 10ರ ನಡುವೆ ಇರುತ್ತದೆ ಎಂದು ಕಂಪನಿಯೇ ಹೇಳುತ್ತದೆ. ಅಷ್ಟರಿಂದ ಹೆಚ್ಚೇನೂ ತಿಳಿಯದು. ಟ್ರಾಫಿಕ್ ಸೋರ್ಸ್ ಪ್ರಕಾರ ಬಿಡಿಸಿ ನೋಡಬೇಕು. ಈ ವಿಡಿಯೋ ಹುಡುಕಾಟದಲ್ಲಿ 4,000 ಸಲ ಕಂಡು 320 ಕ್ಲಿಕ್ ಪಡೆದಿದೆ, ಅಂದರೆ ಶೇ. 8. ಹೋಮ್ ಪುಟದಲ್ಲಿ 8,000 ಸಲ ಕಂಡು ಸಿಕ್ಕಿದ್ದು 160, ಅಂದರೆ ಶೇ. 2. ರೊಟ್ಟಿ ಮಾಡುವುದನ್ನು ಕಲಿಯಲೆಂದೇ ಹುಡುಕಿಕೊಂಡು ಬಂದವರಿಗೂ ಸುಮ್ಮನೆ ಬೆರಳಾಡಿಸುತ್ತಿರುವವರಿಗೂ ಇರುವ ವ್ಯತ್ಯಾಸ ಇದು. ಮುಂದೆ ಯೂಟ್ಯೂಬ್ ಈ ವಿಡಿಯೋವನ್ನು ಹೋಮ್ ಪುಟದಲ್ಲಿ 40,000 ಸಲ, ಹುಡುಕಾಟದಲ್ಲಿ 6,000 ಸಲ ತೋರಿಸಿತು ಎನ್ನಿ. ಎರಡೂ ಕಡೆ ದರ ಹಾಗೇ ಇದ್ದರೂ ಒಟ್ಟು ದರ ಶೇ. 2.8ಕ್ಕೆ ಇಳಿಯುತ್ತದೆ, ಕ್ಲಿಕ್‌ಗಳು ಮಾತ್ರ 1,280ಕ್ಕೆ ಏರುತ್ತವೆ. ದರ ಬಿತ್ತೆಂದು ಗಾಬರಿಯಾಗಿ ಥಂಬ್‌ನೇಲ್ ಬದಲಿಸುವುದು ಹೆಚ್ಚಾಗಿ ಇಂಥ ಹೊತ್ತಿನಲ್ಲೇ. ಇಂಪ್ರೆಷನ್ಸ್ ಬರೀ ಇನ್ನೂರಿದ್ದಾಗಂತೂ ದರವನ್ನು ನಂಬಲೇಬಾರದು: ಅಲ್ಲಿ ಇನ್ನಿಬ್ಬರು ಒತ್ತಿದರೆ ಶೇ. 4 ಇದ್ದದ್ದು 5 ಆಗಿಬಿಡುತ್ತದೆ.

ಈ ವಿಡಿಯೋದ ನಿಜವಾದ ತೊಂದರೆ ಇರುವುದು ರಿಟೆನ್ಷನ್ ಗ್ರಾಫ್‌ನಲ್ಲಿ. ಎಡದಿಂದ ಬಲಕ್ಕೆ ವಿಡಿಯೋದ ಸಮಯ, ಕೆಳಗಿನಿಂದ ಮೇಲಕ್ಕೆ ಆ ಕ್ಷಣವನ್ನು ನೋಡಿದವರ ಶೇಕಡಾವಾರು. ಗೆರೆ ಮೊದಲಿಗೆ ಜಾರುವುದು ಎಲ್ಲ ವಿಡಿಯೋಗಳಲ್ಲೂ ಸಾಮಾನ್ಯ. ಎಷ್ಟು ಕಡಿದಾಗಿ ಜಾರಿತು ಎಂಬುದೇ ಮುಖ್ಯ. ಇಲ್ಲಿ 30ನೇ ಸೆಕೆಂಡಿಗೆ ಉಳಿದವರು ಶೇ. 52, ಒಂದು ನಿಮಿಷಕ್ಕೆ ಶೇ. 40. ಆ ಭಾಗ ಹಾಕಿ ನೋಡಿದರೆ ಕಾರಣ ಕಣ್ಣಿಗೆ ಕಾಣುತ್ತದೆ: ತಿರುಗುವ ಲೋಗೊ, 'ಎಲ್ಲರಿಗೂ ನಮಸ್ಕಾರ, ನಮ್ಮ ಚಾನೆಲ್‌ಗೆ ಸ್ವಾಗತ', ಸಬ್‌ಸ್ಕ್ರೈಬ್ ಮಾಡಿ ಎಂಬ ಬಿನ್ನಹ. ಹಿಟ್ಟು ಕಾಣಿಸುವಷ್ಟರಲ್ಲಿ 40 ಸೆಕೆಂಡ್ ಕಳೆದಿರುತ್ತದೆ. ಕನ್ನಡದ ಅಡುಗೆ ಚಾನೆಲ್‌ಗಳಿಗೆ ಈ ಉಪಚಾರ ಬಿಡಲಾಗದ ಚಾಳಿಯಾಗಿದೆ.

ಒಂದು ನಿಮಿಷದ ನಂತರ ಗೆರೆ ನಿಧಾನವಾಗಿ ಇಳಿಯುತ್ತದೆ. ಅಷ್ಟು ಹೊತ್ತು ತಾಳಿಕೊಂಡವರಿಗೆ ವಿಷಯ ಹಿಡಿಸಿದೆ ಎಂದರ್ಥ. 3 ನಿಮಿಷ 10 ಸೆಕೆಂಡ್‌ನಲ್ಲಿ ಗೆರೆ ದಿಢೀರನೆ ಉಬ್ಬಿದೆ. ಇಂಥ ಉಬ್ಬು ಬರುವುದು ಜನ ಹಿಂದಕ್ಕೆ ಸರಿಸಿ ಮತ್ತೆ ನೋಡಿದಾಗ, ಇಲ್ಲವೇ ಮುಂದಕ್ಕೆ ಹಾರಿ ಅಲ್ಲಿಗೇ ಬಂದಾಗ. ಕಾರಣ ಕುತೂಹಲವೂ ಇರಬಹುದು, ಅರ್ಥವಾಗದಿದ್ದುದೂ ಇರಬಹುದು. ಗ್ರಾಫ್ ಅದನ್ನು ಹೇಳುವುದಿಲ್ಲ, ಆ ಜಾಗವನ್ನು ಹಾಕಿ ನೋಡಬೇಕು. ಇಲ್ಲಿ ಹಿಟ್ಟಿಗೆ ಎಷ್ಟು ಬಿಸಿನೀರು ಎಂಬುದನ್ನು ಅವಸರದಲ್ಲಿ ಹೇಳಿ ದಾಟಿಸಲಾಗಿದೆ. ಕಲಿಯಲು ಬಂದವರಿಗೆ ಬೇಕಾದದ್ದು ಅದೇ.

ವಾಚ್ ಟೈಮ್ ಬೇರೆಲ್ಲಿಂದಲೋ ಬರುವ ಅಂಕಿಯಲ್ಲ. 620 ವೀಕ್ಷಣೆಗೆ ಸರಾಸರಿ 2.4 ನಿಮಿಷದಂತೆ 1,488 ನಿಮಿಷ, ಅಂದರೆ 24.8 ಗಂಟೆ. ಜಾಹೀರಾತಿನ ಹಣದಲ್ಲಿ ಪಾಲು ಪಡೆಯಲು 1,000 ಸಬ್‌ಸ್ಕ್ರೈಬರ್‌ಗಳ ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ಬೇಕೆಂಬ ಷರತ್ತು ಇರುವುದರಿಂದ ಹೊಸಬರ ಕಣ್ಣು ಇದರ ಮೇಲೇ ನೆಟ್ಟಿರುತ್ತದೆ. ಅದನ್ನು ಏರಿಸಲು ವಿಡಿಯೋವನ್ನು ಎಳೆದು ಉದ್ದ ಮಾಡಿದರೆ ಜನ ಇನ್ನೂ ಬೇಗ ಎದ್ದುಹೋಗುತ್ತಾರೆ.

ಹಾಗಾಗಿ ಇಲ್ಲಿ ಕೈಹಾಕಬೇಕಾದದ್ದು ಥಂಬ್‌ನೇಲ್‌ಗಲ್ಲ, ಮೊದಲ 40 ಸೆಕೆಂಡಿಗೆ. ಸ್ಟುಡಿಯೋದ ಎಡಿಟರ್‌ನಲ್ಲಿ ಆ ಭಾಗವನ್ನು ಕತ್ತರಿಸಬಹುದು. ಲಿಂಕ್, ವೀಕ್ಷಣೆ, ಕಾಮೆಂಟ್ ಯಾವುದೂ ಹೋಗುವುದಿಲ್ಲ. ಒಂದೆರಡು ವಾರದ ನಂತರ ಪರಿಣಾಮ ನೋಡುವಾಗ ಕತ್ತರಿಸಿದ ದಿನದಿಂದ ಈಚಿನ ದಿನಾಂಕಗಳನ್ನಷ್ಟೇ ಆರಿಸಿಕೊಳ್ಳಬೇಕು. ಆರಂಭದಿಂದ ಇಂದಿನವರೆಗಿನ ಸರಾಸರಿಯಲ್ಲಿ ಹಳೆಯ ವೀಕ್ಷಕರೂ ಬೆರೆತಿರುವುದರಿಂದ ಬದಲಾವಣೆ ಅದರಲ್ಲಿ ಸರಿಯಾಗಿ ಕಾಣುವುದಿಲ್ಲ.