ಶೇಂಗಾ, ಬೆಲ್ಲ, ಒಂಚೂರು ತುಪ್ಪ

ಕೈಯಲ್ಲಿ ಮಾಡಿದ ಶೇಂಗಾ ಚಿಕ್ಕಿಗೆ 30 ಸೆಕೆಂಡಿನ ಜಾಹೀರಾತು ಬರೆಯಬೇಕು ಎಂದುಕೊಳ್ಳಿ. ನೋಡುವವರು ಶಾಲೆಗೆ ಹೋಗುವ ಮಗುವಿನ ಅಪ್ಪ, ಅಮ್ಮ. ಬರೆಯಲು ಕೂತರೆ ಕಬ್ಬಿನ ಗದ್ದೆ, ಅಜ್ಜಿಯ ನೆನಪು, ಕಬ್ಬಿಣಾಂಶ ಎಲ್ಲವೂ ನುಗ್ಗಿ ಬರುತ್ತವೆ. ಅಷ್ಟನ್ನೂ ತುರುಕಿದರೆ ಒಂದೂ ತಲೆಯಲ್ಲಿ ಉಳಿಯುವುದಿಲ್ಲ. ಉಸಿರು ಬಿಡದೆ ಓದಿದರೂ 30 ಸೆಕೆಂಡಿಗೆ ಹಿಡಿಸುವುದು ಸುಮಾರು 60 ಪದ. ಚಿತ್ರಕ್ಕೂ ಸದ್ದಿಗೂ ಜಾಗ ಬಿಡಬೇಕೆಂದರೆ 25 ಪದವೇ ಹೆಚ್ಚು.

ಸ್ಕ್ರಿಪ್ಟ್ ಬರೆಯುವವರು ಹಾಳೆಯನ್ನು ಎರಡು ಭಾಗ ಮಾಡಿಕೊಳ್ಳುತ್ತಾರೆ. ಎಡಕ್ಕೆ ಕಾಣುವುದು, ಬಲಕ್ಕೆ ಕೇಳುವುದು. ನಮ್ಮ ಹಾಳೆ ಹೀಗಿರಲಿ.

ಮೊದಲ 5 ಸೆಕೆಂಡು: ಸಂಜೆ, ಶಾಲೆಯ ಬ್ಯಾಗು ಸೋಫಾದ ಮೇಲೆ ಬೀಳುತ್ತದೆ. "ಅಪ್ಪಾ, ಹಸಿವು!" ಅಪ್ಪ ಡಬ್ಬಿ ತೆಗೆದು ಚಿಕ್ಕಿ ಮುರಿಯುತ್ತಾನೆ. ಟಕ್!

ಮುಂದಿನ 9 ಸೆಕೆಂಡು ಮಾತಿಗೆ.
"ಇದ್ರಲ್ಲಿ ಏನೇನಿದೆ?"
"ಶೇಂಗಾ, ಬೆಲ್ಲ."
"ಆಮೇಲೆ?"
"ಒಂಚೂರು ತುಪ್ಪ."
"ಅಷ್ಟೇನಾ?"
"ಅಷ್ಟೇ."

ಆಮೇಲಿನ 9 ಸೆಕೆಂಡು ಯಾರೂ ಮಾತಾಡುವುದಿಲ್ಲ. ಬಾಣಲೆಯಲ್ಲಿ ಪಾಕ ಕುದಿಯುತ್ತಿದೆ. ಒಂದು ಕೈ ಅದರ ಹನಿಯನ್ನು ತಣ್ಣೀರಿನ ಬಟ್ಟಲಿಗೆ ಬಿಡುತ್ತದೆ. ಹನಿ ಗಟ್ಟಿಯಾಗುತ್ತದೆ, ಬೆರಳಲ್ಲಿ ಮುರಿದರೆ ಮತ್ತೆ ಅದೇ ಟಕ್. ಪಾಕ ಹದಕ್ಕೆ ಬಂತು ಎಂಬುದಕ್ಕೆ ಇದೇ ಗುರುತು. ಹನಿ ಮೆತ್ತಗೆ ಎಳೆದುಕೊಂಡರೆ ಚಿಕ್ಕಿ ಹಲ್ಲಿಗೆ ಅಂಟುತ್ತದೆ. 'ಕೈಯಲ್ಲಿ ಮಾಡಿದ್ದು' ಎಂದು ಹತ್ತು ಸಲ ಹೇಳುವುದಕ್ಕಿಂತ ಈ ಒಂದು ಹನಿ ಹೆಚ್ಚು ಹೇಳುತ್ತದೆ ಎಂಬುದು ನನ್ನ ನಂಬಿಕೆ.

ಕೊನೆಯ 7 ಸೆಕೆಂಡು ಪೊಟ್ಟಣಕ್ಕೆ: "ಪಾಕ ನೋಡಿ, ಕೈಯಲ್ಲೇ ಲಟ್ಟಿಸಿದ ಶೇಂಗಾ ಚಿಕ್ಕಿ." ನಂತರ ಬ್ರ್ಯಾಂಡಿನ ಹೆಸರು.

ತುಪ್ಪದ ಮಾತು ಯಾಕೆ ಬಂತು? ಬರೀ 'ಶೇಂಗಾ, ಬೆಲ್ಲ, ಅಷ್ಟೇ' ಎಂದರೆ ಕಿವಿಗೆ ಇನ್ನೂ ಚೆನ್ನ. ಆದರೆ ಲಟ್ಟಿಸುವ ಮಣೆಗೆ ತುಪ್ಪ ಸವರಿದ್ದರೆ ಅದು ಸುಳ್ಳು. ಪೊಟ್ಟಣದ ಹಿಂಬದಿ ಓದುವ ಅಮ್ಮ ಅದನ್ನು ಹಿಡಿದುಬಿಡುತ್ತಾಳೆ.

'ಸಕ್ಕರೆ ಸೇರಿಸಿಲ್ಲ' ಎಂಬ ಸಾಲಂತೂ ಬೇಡವೇ ಬೇಡ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಜಾಹೀರಾತು ನಿಯಮಗಳ ಪ್ರಕಾರ ಯಾವ ಬಗೆಯ ಸಿಹಿ ಸಕ್ಕರೆಯನ್ನೂ ಸೇರಿಸದಿದ್ದರೆ ಮಾತ್ರ ಹಾಗೆ ಹೇಳಬಹುದು. ಬೆಲ್ಲದಲ್ಲಿ ಬಹುಪಾಲು ಇರುವುದು ಸಕ್ಕರೆಯೇ, ಕ್ಯಾಲೊರಿಯೂ ಹೆಚ್ಚು ಕಡಿಮೆ ಅಷ್ಟೇ. ಬೆಲ್ಲವನ್ನು ರುಚಿಗಾಗಿ ಹೊಗಳಿ, ಔಷಧಿ ಮಾಡಬೇಡಿ.

ಇನ್ನು ಚಿತ್ರದಲ್ಲಿರುವ ಮಗು. ಮುದ್ದಾಗಿ ಕಾಣಲಿ ಎಂದು ಎರಡು ವರ್ಷದ ಕೂಸಿನ ಕೈಗೆ ಚಿಕ್ಕಿ ಕೊಡಿಸುವ ಆಸೆ ಯಾರಿಗಾದರೂ ಬರಬಹುದು. ಇಡೀ ಶೇಂಗಾ ಬೀಜ ಎಳೆಯ ಮಕ್ಕಳ ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುತ್ತದೆ, 5 ವರ್ಷದೊಳಗಿನವರಿಗೆ ಕೊಡಬೇಡಿ ಎನ್ನುತ್ತಾರೆ ವೈದ್ಯರು. ತೆರೆಯ ಮೇಲೆ ಕಂಡದ್ದನ್ನೇ ಮನೆಯಲ್ಲೂ ಮಾಡುತ್ತಾರೆ. ನಮ್ಮ ಜಾಹೀರಾತಿನ ಮಗುವಿಗೆ ಏಳು ವರ್ಷವಾಗಿರಲಿ, ಅದು ಕೂತು ತಿನ್ನಲಿ.