ನಾಲ್ಕನೇ ಫ್ರೇಮ್ ತಂದ ನಷ್ಟ

ಕಂಪ್ಯೂಟರ್ ಸೈನ್ಸ್ ಓದುವ ಮಕ್ಕಳಿಗೆ ಆಪರೇಟಿಂಗ್ ಸಿಸ್ಟಂ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಎದುರಾಗುವ ಲೆಕ್ಕವೊಂದಿದೆ. ಪ್ರಶ್ನೆಯಲ್ಲಿ ಒಂದು ಸಾಲು ಅಂಕಿಗಳಿರುತ್ತವೆ: 1, 2, 3, 4, 1, 2, 5, 1, 2, 3, 4, 5. ಮೂರು ಫ್ರೇಮ್ ಇದ್ದರೆ ಫಿಫೊ ವಿಧಾನದಲ್ಲಿ ಎಷ್ಟು ಪೇಜ್ ಫಾಲ್ಟ್ ಆಗುತ್ತವೆ, ನಾಲ್ಕು ಫ್ರೇಮ್ ಇದ್ದರೆ ಎಷ್ಟು, ಎಲ್‌ಆರ್‌ಯು ವಿಧಾನದಲ್ಲಿ ಎಷ್ಟು ಎಂದು ಕೇಳುತ್ತಾರೆ. ಕೋಷ್ಟಕ ಎಳೆದು, ಅಂಕಿ ತುಂಬಿ, ಉತ್ತರದ ಕೆಳಗೆ ಗೆರೆ ಹಾಕಿ ಮುಂದಿನ ಪ್ರಶ್ನೆಗೆ ಹೋಗುವವರೇ ಹೆಚ್ಚು. ಆದರೆ ಈ ಹನ್ನೆರಡು ಅಂಕಿಗಳನ್ನು ಬೇಕಾಬಿಟ್ಟಿ ಜೋಡಿಸಿಲ್ಲ. ಜಾಗ ಹೆಚ್ಚಾದರೆ ಕೆಲಸ ಹಗುರಾಗುತ್ತದೆ ಎಂಬ ನಮ್ಮ ನಂಬಿಕೆ ಎಲ್ಲಿ ಮುರಿಯುತ್ತದೆ ಎಂಬುದನ್ನು ಅವು ಕಣ್ಣಿಗೆ ಕಾಣುವಂತೆ ತೋರಿಸುತ್ತವೆ.

ಕಟ್ಟೆ ಮತ್ತು ಅಟ್ಟ

ಅಡುಗೆಮನೆಯನ್ನು ನೆನೆಯಿರಿ. ಒಲೆಯ ಪಕ್ಕದ ಕಟ್ಟೆಯ ಮೇಲೆ ಮೂರೇ ಡಬ್ಬ ಇಡಲು ಜಾಗವಿದೆ. ಉಳಿದವೆಲ್ಲ ಅಟ್ಟದ ಮೇಲಿವೆ. ಬೇಕಾದ ಡಬ್ಬ ಕಟ್ಟೆಯ ಮೇಲೇ ಇದ್ದರೆ ಕೈ ಚಾಚಿದರೆ ಸಾಕು. ಇಲ್ಲದಿದ್ದರೆ ಏಣಿ ಹತ್ತಿ ಇಳಿಸಬೇಕು, ಅದಕ್ಕೆ ಜಾಗ ಮಾಡಲು ಕಟ್ಟೆಯ ಮೇಲಿನ ಇನ್ನೊಂದನ್ನು ಅಟ್ಟಕ್ಕೆ ಸೇರಿಸಬೇಕು.

ಕಂಪ್ಯೂಟರಿನಲ್ಲಿ ಕಟ್ಟೆ ಎಂದರೆ ರ‍್ಯಾಮ್, ಅಟ್ಟ ಎಂದರೆ ಡಿಸ್ಕ್. ಒಂದು ಪ್ರೋಗ್ರಾಮಿನ ಮೆಮೊರಿಯನ್ನು ಆಪರೇಟಿಂಗ್ ಸಿಸ್ಟಂ ಸಮನಾದ ತುಂಡುಗಳಾಗಿ ಕತ್ತರಿಸಿಕೊಂಡಿರುತ್ತದೆ. ಒಂದು ತುಂಡು ಸಾಮಾನ್ಯವಾಗಿ 4096 ಬೈಟ್. ಈ ತುಂಡೇ ಪೇಜ್. ಅದನ್ನು ಇಡಲು ರ‍್ಯಾಮ್‌ನಲ್ಲಿರುವ ಅಷ್ಟೇ ಅಳತೆಯ ಗೂಡು ಫ್ರೇಮ್. ಪ್ರೋಗ್ರಾಂ ಯಾವ ಯಾವ ಪೇಜನ್ನು ಯಾವ ಕ್ರಮದಲ್ಲಿ ಕೇಳಿತು ಎಂಬ ಪಟ್ಟಿಗೆ ರೆಫರೆನ್ಸ್ ಸ್ಟ್ರಿಂಗ್ ಎಂದು ಹೆಸರು. ಕೇಳಿದ ಪೇಜ್ ಫ್ರೇಮಿನಲ್ಲಿ ಸಿಕ್ಕರೆ ಹಿಟ್, ಸಿಗದೆ ಡಿಸ್ಕಿನಿಂದ ತರಬೇಕಾದರೆ ಪೇಜ್ ಫಾಲ್ಟ್.

ಈ ಏಣಿ ಹತ್ತುವ ಕೆಲಸ ದುಬಾರಿ. ರ‍್ಯಾಮ್‌ನಿಂದ ಓದಲು 200 ನ್ಯಾನೊಸೆಕೆಂಡ್, ಹಳೆಯ ಮಾದರಿಯ ತಿರುಗುವ ಡಿಸ್ಕಿನಿಂದ ಒಂದು ಪೇಜ್ ತರಲು 8 ಮಿಲಿಸೆಕೆಂಡ್ ಎಂದು ಇಟ್ಟುಕೊಂಡರೆ, ಎರಡರ ನಡುವಿನ ಅಂತರ 40,000 ಪಟ್ಟು. ಆದ್ದರಿಂದ ಯಾವ ಪೇಜನ್ನು ಹೊರಗೆ ಕಳಿಸಬೇಕು ಎಂಬ ತೀರ್ಮಾನ ಒಂದೆರಡು ಫಾಲ್ಟ್ ಉಳಿಸಿದರೂ ಅದು ದೊಡ್ಡ ಉಳಿತಾಯ.

ಫಿಫೊ ಎಂದರೆ ಮೊದಲು ಬಂದದ್ದು ಮೊದಲು ಹೊರಗೆ. ಕಟ್ಟೆಗೆ ಎಲ್ಲಕ್ಕಿಂತ ಮುಂಚೆ ಬಂದ ಡಬ್ಬ ಅಟ್ಟಕ್ಕೆ ಹೋಗುತ್ತದೆ. ಅದು ಹೊತ್ತುಹೊತ್ತಿಗೂ ಬೇಕಾಗುವ ಉಪ್ಪಿನ ಡಬ್ಬವೇ ಆಗಿರಲಿ, ಫಿಫೊ ಅದನ್ನು ಕೇಳುವುದಿಲ್ಲ. ಎಲ್‌ಆರ್‌ಯು ನೋಡುವುದು ಬಳಕೆಯನ್ನು. ಬಹಳ ಹೊತ್ತಿನಿಂದ ಯಾರೂ ಮುಟ್ಟದ ಡಬ್ಬ ಅಟ್ಟಕ್ಕೆ, ಈಗಷ್ಟೇ ಮುಟ್ಟಿದ್ದು ಕಟ್ಟೆಯಲ್ಲೇ.

ಮೂರು ಫ್ರೇಮ್, ಫಿಫೊ

ಈಗ ಕೋಷ್ಟಕ ತುಂಬೋಣ. ಮೇಲಿನ ಸಾಲು ಕೇಳಿದ ಪೇಜ್‌ಗಳು. ನಡುವಿನ ಸಾಲುಗಳು ಫ್ರೇಮ್‌ಗಳು. ಕೊನೆಯ ಸಾಲಿನಲ್ಲಿ ನಕ್ಷತ್ರ ಇದ್ದರೆ ಫಾಲ್ಟ್, ಚುಕ್ಕೆ ಇದ್ದರೆ ಹಿಟ್.

```
1 2 3 4 1 2 5 1 2 3 4 5
-----------------------
1 1 1 4 4 4 5 5 5 5 5 5
- 2 2 2 1 1 1 1 1 3 3 3
- - 3 3 3 2 2 2 2 2 4 4
-----------------------
* * * * * * * . . * * .
```

ಮೊದಲ ಮೂರು ಪೇಜ್‌ಗಳು ಖಾಲಿ ಫ್ರೇಮ್‌ಗಳಿಗೆ ಬಂದು ಕೂತವು. ಖಾಲಿ ಜಾಗಕ್ಕೆ ಬಂದರೂ ಡಿಸ್ಕಿನಿಂದಲೇ ತರಬೇಕಾದ್ದರಿಂದ ಅವೂ ಫಾಲ್ಟ್‌ಗಳೇ. ನಾಲ್ಕನೆಯದಾಗಿ 4 ಬಂದಾಗ ಎಲ್ಲಕ್ಕಿಂತ ಮುಂಚೆ ಬಂದಿದ್ದ 1 ಹೊರಬಿತ್ತು. ಮರುಕ್ಷಣವೇ 1 ಬೇಕಾಯಿತು. ಅದನ್ನು ತರಲು 2 ಹೊರಗೆ. ಆಮೇಲೆ 2 ಬೇಕಾಯಿತು, 3 ಹೊರಗೆ. ನಂತರ 5 ಬಂದು 4 ಹೊರಗೆ. ಅಲ್ಲಿಂದ 1 ಮತ್ತು 2 ಹಿಟ್, 3 ಮತ್ತು 4 ಫಾಲ್ಟ್, ಕೊನೆಯ 5 ಹಿಟ್. ಒಟ್ಟು 9 ಫಾಲ್ಟ್, 3 ಹಿಟ್.

ಒಂದು ಫ್ರೇಮ್ ಹೆಚ್ಚು, ಒಂದು ಫಾಲ್ಟ್ ಹೆಚ್ಚು

ಇನ್ನೊಂದು ಫ್ರೇಮ್ ಕೊಟ್ಟು ನೋಡೋಣ. ಕಟ್ಟೆ ಅಗಲವಾಯಿತು, ಏಣಿ ಹತ್ತುವುದು ಕಡಿಮೆಯಾಗಬೇಕು ಎಂದೇ ಯಾರಿಗಾದರೂ ಅನ್ನಿಸುತ್ತದೆ.

```
1 2 3 4 1 2 5 1 2 3 4 5
-----------------------
1 1 1 1 1 1 5 5 5 5 4 4
- 2 2 2 2 2 2 1 1 1 1 5
- - 3 3 3 3 3 3 2 2 2 2
- - - 4 4 4 4 4 4 3 3 3
-----------------------
* * * * . . * * * * * *
```

ಎಣಿಸಿದರೆ 10 ಫಾಲ್ಟ್. ಪರೀಕ್ಷೆಯಲ್ಲಿ ಈ ಉತ್ತರ ಬಂದಾಗ ಎಷ್ಟೋ ಮಕ್ಕಳು ತಮ್ಮ ಲೆಕ್ಕವೇ ತಪ್ಪಿರಬೇಕೆಂದು ಹೊಡೆದುಹಾಕುತ್ತಾರೆ. ಲೆಕ್ಕ ಸರಿಯಾಗಿಯೇ ಇದೆ. 1969ರಲ್ಲಿ ಐಬಿಎಂ ಸಂಸ್ಥೆಯ ಲಾಸ್ಲೊ ಬೆಲಾಡಿ ತಮ್ಮ ಸಹೋದ್ಯೋಗಿಗಳಾದ ನೆಲ್ಸನ್ ಮತ್ತು ಶೆಡ್ಲರ್ ಜೊತೆ ಸೇರಿ ಬರೆದ ಪ್ರಬಂಧ ಇದೇ ವಿಚಿತ್ರವನ್ನು ಕುರಿತದ್ದು. ಇಂದಿಗೂ ಪಠ್ಯಪುಸ್ತಕಗಳು ಇದನ್ನು ಬೆಲಾಡಿಯ ಅನಾಮಲಿ ಎಂದು ಕರೆಯುತ್ತವೆ.

ಹೀಗೇಕಾಯಿತು ಎಂಬುದು ಎರಡು ಕೋಷ್ಟಕಗಳನ್ನು ಅಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ. ಐದನೇ ಮತ್ತು ಆರನೇ ಕಾಲಂ ನೋಡಿ. ಮೂರು ಫ್ರೇಮ್ ಇದ್ದಾಗ ಅಲ್ಲಿ 1 ಮತ್ತು 2 ಫಾಲ್ಟ್ ಆಗಿದ್ದವು. ನಷ್ಟವೇನೋ ಹೌದು, ಆದರೆ ಅವು ಹೊಸದಾಗಿ ಒಳಬಂದದ್ದರಿಂದ ಸರತಿಯ ಬಾಲಕ್ಕೆ ಸೇರಿದವು. ಹಾಗಾಗಿ 5 ಬಂದಾಗ ಹೊರಬಿದ್ದದ್ದು 4. ಮುಂದೆ ಬೇಕಾಗಲಿದ್ದ 1 ಮತ್ತು 2 ಉಳಿದುಕೊಂಡವು.

ನಾಲ್ಕು ಫ್ರೇಮ್ ಇದ್ದಾಗ ಅದೇ ಜಾಗದಲ್ಲಿ 1 ಮತ್ತು 2 ಹಿಟ್ ಆದವು. ಅವು ಈಗಷ್ಟೇ ಬಳಕೆಯಾದವು ಎಂಬುದು ಫಿಫೊಗೆ ಲೆಕ್ಕಕ್ಕೇ ಇಲ್ಲ. ಅದರ ಕಣ್ಣಿಗೆ 1 ಈಗಲೂ ಎಲ್ಲಕ್ಕಿಂತ ಹಳೆಯದು. ಆದ್ದರಿಂದ 5 ಬಂದಾಗ ಹೊರಬಿದ್ದದ್ದು 1, ಮುಂದಿನ ಕ್ಷಣಕ್ಕೇ ಬೇಕಾಗಿದ್ದ ಪೇಜ್. 1 ತರಲು 2 ಹೊರಗೆ, 2 ತರಲು 3 ಹೊರಗೆ, 3 ತರಲು 4 ಹೊರಗೆ. ಪ್ರತಿ ಸಲವೂ ಮುಂದೆ ಬೇಕಾದದ್ದನ್ನೇ ಒಂದು ಹೆಜ್ಜೆ ಮುಂಚೆ ಕಳಿಸುತ್ತಾ, ಕೊನೆಯ ಆರಕ್ಕೆ ಆರೂ ಫಾಲ್ಟ್ ಆದವು. ಎರಡು ಹಿಟ್‌ಗಳ ಲಾಭ ಆ ಸರಪಳಿಯಲ್ಲಿ ಕೊಚ್ಚಿಹೋಯಿತು.

ಎಲ್‌ಆರ್‌ಯುನಲ್ಲಿ ಇದು ಏಕೆ ಆಗದು?

ಅದೇ ಸಾಲನ್ನು ಎಲ್‌ಆರ್‌ಯು ವಿಧಾನದಲ್ಲಿ ನಾಲ್ಕು ಫ್ರೇಮ್ ಇಟ್ಟುಕೊಂಡು ಬಿಡಿಸೋಣ. ಮೊದಲ ನಾಲ್ಕು ಫಾಲ್ಟ್. ನಂತರ 1 ಮತ್ತು 2 ಹಿಟ್. ಇಲ್ಲಿ ಹಿಟ್ ಆದ ಪೇಜ್ ಹೊಸದಾದಂತೆ ಲೆಕ್ಕ. ಹಾಗಾಗಿ 5 ಬಂದಾಗ ಬಹಳ ಹೊತ್ತಿನಿಂದ ಮುಟ್ಟದೆ ಇದ್ದ 3 ಹೊರಗೆ ಹೋಗುತ್ತದೆ. ಮತ್ತೆ 1 ಮತ್ತು 2 ಹಿಟ್. ಕೊನೆಯ 3, 4, 5 ಫಾಲ್ಟ್. ಒಟ್ಟು 8. ಮೂರು ಫ್ರೇಮ್ ಇಟ್ಟುಕೊಂಡರೆ ಕೊನೆಯ 5 ಬರುವ ಹೊತ್ತಿಗೆ ಒಳಗಿರುವುದು 2, 3, 4. ಅದೂ ಫಾಲ್ಟ್ ಆಗಿ ಒಟ್ಟು 10. ಜಾಗ ಹೆಚ್ಚಿದಂತೆ ಫಾಲ್ಟ್ 10ರಿಂದ 8ಕ್ಕೆ ಇಳಿಯಿತು.

ಇದು ಈ ಒಂದು ಸಾಲಿನ ಅದೃಷ್ಟವಲ್ಲ. ಎಲ್‌ಆರ್‌ಯುನಲ್ಲಿ ಮೂರು ಫ್ರೇಮ್ ಇದ್ದರೆ ಒಳಗಿರುವುದು ಯಾವಾಗಲೂ ಕೊನೆಯದಾಗಿ ಬಳಸಿದ ಮೂರು ಬೇರೆ ಬೇರೆ ಪೇಜ್‌ಗಳು. ನಾಲ್ಕು ಇದ್ದರೆ ಕೊನೆಯ ನಾಲ್ಕು. ಆ ನಾಲ್ಕರಲ್ಲಿ ಈ ಮೂರೂ ಸೇರಿಯೇ ಇರುತ್ತವೆ. ಸಣ್ಣ ಕಟ್ಟೆಯಲ್ಲಿ ಸಿಗುವುದು ದೊಡ್ಡ ಕಟ್ಟೆಯಲ್ಲಿ ಸಿಗದೆ ಹೋಗುವ ಪ್ರಶ್ನೆಯೇ ಇಲ್ಲ. ಈ ಗುಣ ಇರುವ ವಿಧಾನಗಳಿಗೆ ಸ್ಟ್ಯಾಕ್ ಅಲ್ಗಾರಿದಂ ಎಂಬ ಹೆಸರು. 1970ರಲ್ಲಿ ಐಬಿಎಂನ ಮ್ಯಾಟ್ಸನ್ ಮತ್ತು ಸಂಗಡಿಗರು ಇದನ್ನು ವಿವರಿಸಿದರು. ಫಿಫೊಗೆ ಈ ಗುಣವಿಲ್ಲ ಎಂಬುದಕ್ಕೆ ಮೇಲಿನ ಕೋಷ್ಟಕಗಳ ಏಳನೇ ಕಾಲಂ ಸಾಕ್ಷಿ: ಮೂರು ಫ್ರೇಮ್‌ನಲ್ಲಿ 5, 1, 2 ಇವೆ, ನಾಲ್ಕು ಫ್ರೇಮ್‌ನಲ್ಲಿ 5, 2, 3, 4 ಇವೆ. ದೊಡ್ಡದರಲ್ಲಿ 1 ಕಾಣೆಯಾಗಿದೆ.

ಹಾಗೆಂದು ಎಲ್‌ಆರ್‌ಯು ಎಲ್ಲೆಡೆಯೂ ಗೆಲ್ಲುತ್ತದೆ ಎಂದುಕೊಳ್ಳಬಾರದು. ಇದೇ ಸಾಲಿನಲ್ಲಿ ಮೂರು ಫ್ರೇಮ್ ಇದ್ದಾಗ ಫಿಫೊಗೆ 9, ಎಲ್‌ಆರ್‌ಯುಗೆ 10. ಇನ್ನು 1, 2, 3, 4 ಎಂದು ಸುತ್ತುಸುತ್ತಿ ಅದೇ ಕ್ರಮದಲ್ಲಿ ಕೇಳುವ ಪ್ರೋಗ್ರಾಮಿಗೆ ಮೂರೇ ಫ್ರೇಮ್ ಕೊಟ್ಟರೆ ಎಲ್‌ಆರ್‌ಯುನಲ್ಲಿ ಒಂದೂ ಹಿಟ್ ಸಿಗದು, ಏಕೆಂದರೆ ಬಹಳ ಹೊತ್ತು ಮುಟ್ಟದ ಪೇಜೇ ಮುಂದೆ ಬೇಕಾಗುವ ಪೇಜ್ ಆಗಿರುತ್ತದೆ. ಮುಂದೆ ಬರುವುದೆಲ್ಲ ಮೊದಲೇ ಗೊತ್ತಿದ್ದರೆ, ಬಹಳ ದೂರದಲ್ಲಿ ಬೇಕಾಗುವ ಪೇಜನ್ನು ಕಳಿಸುವುದೇ ಅತ್ಯುತ್ತಮ. ಹಾಗೆ ಮಾಡಿದರೆ ನಮ್ಮ ಸಾಲಿಗೆ ಮೂರು ಫ್ರೇಮ್‌ನಲ್ಲಿ 7 ಫಾಲ್ಟ್ ಸಾಕು. ಆದರೆ ಓಡುತ್ತಿರುವ ಯಂತ್ರಕ್ಕೆ ಭವಿಷ್ಯ ತಿಳಿಯದು. ಅದಕ್ಕೇ ಈ ವಿಧಾನ ಉಳಿದವುಗಳನ್ನು ಅಳೆಯುವ ಗಜಕಡ್ಡಿಯಾಗಿ ಮಾತ್ರ ಉಳಿದಿದೆ.

ನಿಜವಾದ ಯಂತ್ರದಲ್ಲಿ ಎಲ್‌ಆರ್‌ಯುಗೂ ಒಂದು ತೊಡಕಿದೆ. ಪ್ರತಿ ಸಲ ಮೆಮೊರಿ ಮುಟ್ಟಿದಾಗಲೂ ಹೊತ್ತು ಬರೆದಿಡುತ್ತಾ ಹೋದರೆ ಆ ಬರವಣಿಗೆಯೇ ಭಾರವಾಗುತ್ತದೆ. ಹಾಗಾಗಿ ಪ್ರೊಸೆಸರ್ ಪ್ರತಿ ಪೇಜಿಗೆ ಒಂದು ಬಿಟ್ ಇಟ್ಟು, ಮುಟ್ಟಿದಾಗ ಅದನ್ನು 1 ಮಾಡುತ್ತದೆ. ಹೊರಗೆ ಕಳಿಸುವ ಸರದಿ ಬಂದಾಗ ಆಪರೇಟಿಂಗ್ ಸಿಸ್ಟಂ ಆ ಬಿಟ್ ನೋಡುತ್ತದೆ. 1 ಇದ್ದರೆ 0 ಮಾಡಿ ಇನ್ನೊಂದು ಅವಕಾಶ ಕೊಟ್ಟು ಮುಂದೆ ಹೋಗುತ್ತದೆ. 0 ಇದ್ದರೆ ಹೊರಗೆ. ಸೆಕೆಂಡ್ ಚಾನ್ಸ್ ಎಂಬ ಈ ವಿಧಾನ ಫಿಫೊದ ಸರತಿಗೆ ಬಳಕೆಯ ನೆನಪನ್ನು ಅಂಟಿಸಿದಂತೆ.

ಉತ್ತರ ಪತ್ರಿಕೆ ಕೊಡುವ ಮುಂಚೆ

ಅಂಕ ಹೋಗುವುದು ಹೆಚ್ಚಾಗಿ ಎರಡು ಕಡೆ. ಮೊದಲನೆಯದು, ಫಿಫೊ ಬಿಡಿಸುವಾಗ ಹಿಟ್ ಆದ ಪೇಜನ್ನು ಸರತಿಯ ಬಾಲಕ್ಕೆ ಕಳಿಸುವುದು. ಅದು ಎಲ್‌ಆರ್‌ಯು ನಿಯಮ. ಫಿಫೊದಲ್ಲಿ ಹಿಟ್ ಆದರೆ ಏನೂ ಬದಲಾಗದು, ಹಿಂದಿನ ಕಾಲಮನ್ನು ಹಾಗೇ ನಕಲು ಮಾಡಬೇಕು. ಎರಡನೆಯದು, ಎಲ್‌ಆರ್‌ಯು ಬಿಡಿಸುವಾಗ ಫ್ರೇಮ್‌ನಲ್ಲಿ ಮೇಲಿರುವ ಅಂಕಿಯೇ ಹಳೆಯದೆಂದು ತಿಳಿಯುವುದು. ಫ್ರೇಮಿನ ಜಾಗಕ್ಕೂ ಬಳಕೆಯ ಹೊತ್ತಿಗೂ ಸಂಬಂಧವಿಲ್ಲ. ಪ್ರಶ್ನೆಯ ಸಾಲಿನ ಮೇಲೆ ಬೆರಳಿಟ್ಟು ಎಡಕ್ಕೆ ಹೋಗಿ. ಒಳಗಿರುವ ಪೇಜ್‌ಗಳಲ್ಲಿ ಯಾವುದು ಎಲ್ಲಕ್ಕಿಂತ ಕೊನೆಗೆ ಸಿಗುತ್ತದೋ ಅದನ್ನು ಕಳಿಸಿ.

ಉತ್ತರ ಸರಿಯೇ ಎಂದು ನೋಡಲು ಹಿಟ್ ಮತ್ತು ಫಾಲ್ಟ್ ಕೂಡಿಸಿ. ಮೊತ್ತ ಸಾಲಿನ ಉದ್ದಕ್ಕೆ, ಅಂದರೆ ಇಲ್ಲಿ 12ಕ್ಕೆ, ಸಮವಾಗಿರಬೇಕು. ಸಾಲಿನಲ್ಲಿ ಐದು ಬೇರೆ ಬೇರೆ ಪೇಜ್ ಇರುವುದರಿಂದ ಫಾಲ್ಟ್ 5ಕ್ಕಿಂತ ಕಡಿಮೆ ಬರಲಾರದು. ಎಲ್‌ಆರ್‌ಯುನಲ್ಲಿ ಮೂರಕ್ಕಿಂತ ನಾಲ್ಕು ಫ್ರೇಮಿಗೆ ಹೆಚ್ಚು ಫಾಲ್ಟ್ ಬಂದಿದ್ದರೆ ಎಲ್ಲೋ ಖಂಡಿತ ತಪ್ಪಿದೆ, ಮೊದಲಿನಿಂದ ಬಿಡಿಸಿ. ಫಿಫೊದಲ್ಲಿ ಹಾಗೆ ಬಂದಿದ್ದರೆ ಇನ್ನೊಮ್ಮೆ ಪರಿಶೀಲಿಸಿ, ಆದರೆ ಹೊಡೆದುಹಾಕಬೇಡಿ. ಸರಿಯಾದ ಉತ್ತರವೇ ಅದಾಗಿರಬಹುದು.